‘ಆಸರೆ ಬೇಕಾಗಿದೆ’ ಅನ್ನುವ ಸಾಲನ್ನು ತೆಗೆದೆವು

ಶಿವಮೊಗ್ಗದ ನನ್ನ ಆಪ್ತಸಲಹೆ ಕೋಣೆಗೆ ಅವರು ಮಗಳ ಜೊತೆ ಬಂದಿದ್ದರು. ವಯಸ್ಸು 64, ತೀರ್ಥಹಳ್ಳಿ ಕಡೆಯವರು. ಶಾರದಮ್ಮ ಎಂದು ಕರೆಯುತ್ತೇನೆ. ಹೆಸರಷ್ಟೇ ಅಲ್ಲ, ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಸರ್ಕಾರಿ ನೌಕರಿಯಲ್ಲಿದ್ದ ಯಜಮಾನರು ತೀರಿಕೊಂಡು 5 ವರ್ಷವಾಗಿತ್ತು. ಜೊತೆಗೊಬ್ಬರು ಸಿಕ್ಕರೆ ಒಳ್ಳೆಯದು ಎಂದು ಅಮ್ಮನೇ ಮಗಳ ಹತ್ತಿರ ಬಾಯಿ ಬಿಟ್ಟು ಹೇಳಿದ್ದರು. ಅದಕ್ಕೆ ಎಷ್ಟು ದಿನ ಯೋಚಿಸಿದ್ದರೋ.

ಜೊತೆಗಾರರನ್ನು ಹುಡುಕಲು ಹಾಕಬೇಕಾದ ಪರಿಚಯವನ್ನು ಮಗಳು ಮೊಬೈಲಿನಲ್ಲಿ ಬರೆದುಕೊಂಡು ಬಂದಿದ್ದಳು: “64 ವರ್ಷದ ವಿಧವೆ. ಒಂಟಿಯಾಗಿದ್ದಾರೆ. ಮಕ್ಕಳು ಹತ್ತಿರದಲ್ಲಿಲ್ಲ. ಸ್ವಂತ ಮನೆ ಇದೆ, ಪಿಂಚಣಿ ಬರುತ್ತದೆ. ಯಾವ ಬೇಡಿಕೆಯೂ ಇಲ್ಲ, ಹೊಂದಿಕೊಂಡು ಹೋಗುತ್ತಾರೆ. ಆಸರೆ ಬೇಕಾಗಿದೆ.”

ನಾನು ಗಟ್ಟಿಯಾಗಿ ಓದಿದೆ. ಶಾರದಮ್ಮ ಸೀರೆಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. “ಇದು ನೀವೇನಾ ಅಮ್ಮ?” ಅಂತ ಕೇಳಿದೆ. “ಸುಳ್ಳೇನಲ್ಲ ಮೇಡಂ. ಆದ್ರೆ ನಾನಂತೂ ಅಲ್ಲ” ಅಂದರು.

ಮಗಳು ಬರೆದದ್ದು ಪ್ರೀತಿಯಿಂದಲೇ. ಆದರೆ ಅದರಲ್ಲಿ ಅಮ್ಮನಿಗೆ ಏನಿಲ್ಲ ಅನ್ನುವುದೇ ಜಾಸ್ತಿ. ‘ಒಂಟಿ’, ‘ಸ್ವಂತ ಮನೆ’, ‘ಪಿಂಚಣಿ’ ಮೂರೂ ಒಟ್ಟಿಗೆ ಬಂದರೆ ದುಡ್ಡಿನ ಮೇಲೆ ಕಣ್ಣಿಟ್ಟವರಿಗೆ ವಿಳಾಸ ಬರೆದುಕೊಟ್ಟ ಹಾಗೆ. ‘ಬೇಡಿಕೆಯಿಲ್ಲ, ಹೊಂದಿಕೊಳ್ಳುತ್ತಾರೆ’ ಅಂದರೆ ಅಡುಗೆಗೆ, ಆರೈಕೆಗೆ ಜನ ಹುಡುಕುತ್ತಿರುವವರು ಮೊದಲು ಫೋನ್ ಮಾಡುತ್ತಾರೆ. ಎರಡನ್ನೂ ನಾನು ಬೇರೆ ಪ್ರಕರಣಗಳಲ್ಲಿ ನೋಡಿದ್ದೇನೆ.

ಬರೆಯುವುದನ್ನು ಬದಿಗಿಟ್ಟು, ಈ ವಾರ ಏನೇನು ಮಾಡಿದಿರಿ ಅಂತ ಕೇಳಿದೆ. ಅಪ್ಪೆಮಿಡಿಯ ಕಾಲ ಅದು. ಉಪ್ಪಿಗೆ ಹಾಕಿದ ಮಿಡಿ ಮುರುಟುವ ತನಕ ದಿನಾ ಭರಣಿ ಅಲ್ಲಾಡಿಸಬೇಕು, ಅದಕ್ಕೇ ಒಂದು ದಿನ ತಡವಾಗಿ ಬಂದೆ ಅಂದರು. ಮೊದಲೆಲ್ಲ ಯಜಮಾನರು ಜಗುಲಿಯಲ್ಲಿ ಕೂತು ತೊಟ್ಟು ಕತ್ತರಿಸಿ ಕೊಡುತ್ತಿದ್ದರಂತೆ, ಇವರು ಒರೆಸಿ ಭರಣಿಗೆ ತುಂಬುವುದಂತೆ. ಹೇಳುವಾಗ ಕಣ್ಣು ತುಂಬಿತು, ದನಿ ಮಾತ್ರ ಕುಗ್ಗಲಿಲ್ಲ. ರಾತ್ರಿ ಪೂರ್ತಿ ಯಕ್ಷಗಾನ ನೋಡುವುದು ಇಷ್ಟ. ಅಕ್ಕಪಕ್ಕದ ಇಬ್ಬರು ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುತ್ತಾರೆ. ಮಳೆಗಾಲದಲ್ಲಿ ಮಾತ್ರ ಸಂಜೆ ಉದ್ದ ಅನಿಸುತ್ತದೆ, ಆಗ ಮಾತಾಡಲು ಒಬ್ಬರಿದ್ದರೆ ಚೆನ್ನ ಅಂದರು.

ಇನ್ನೊಂದು ವಿಷಯ ಬರೆಯುವ ಮೊದಲೇ ತೀರ್ಮಾನವಾಗಬೇಕಿತ್ತು. ಇವರಿಗೆ ಬರುವುದು ಯಜಮಾನರ ಕುಟುಂಬ ಪಿಂಚಣಿ. ಮರುಮದುವೆಯಾದರೆ ಅದು ಸಾಮಾನ್ಯವಾಗಿ ನಿಂತುಹೋಗುತ್ತದೆ. ಸ್ವಂತ ನೌಕರಿಯ ಪಿಂಚಣಿಯಾದರೆ ಈ ಚಿಂತೆ ಇಲ್ಲ. ಆದ್ದರಿಂದ ‘ಮದುವೆ’ಯೋ ‘ಸ್ನೇಹ’ವೋ ಅನ್ನುವುದು ಬರೀ ಪದದ ಪ್ರಶ್ನೆಯಲ್ಲ. ಮದುವೆಯ ಮಾತು ಬಂದರೆ ಮೊದಲು ಖಜಾನೆ ಕಚೇರಿಯಲ್ಲಿ ವಿಚಾರಿಸಿ ಎಂದೆ. ಶಾರದಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸದ್ಯಕ್ಕೆ ಸ್ನೇಹ ಸಾಕು. ಹಾಗಂತಲೇ ಬರೀರಿ” ಅಂದರು.

ಯಜಮಾನರ ಬಗ್ಗೆ ಬರೆಯುವುದೇ ಬೇಡ ಅಂತ ಮಗಳ ಅಭಿಪ್ರಾಯ. ನಾನು ಒಪ್ಪಲಿಲ್ಲ. ಒಂದೇ ಸಾಲು ಇರಲಿ, ಅದರಲ್ಲಿ ದುಃಖ ತೋಡಿಕೊಳ್ಳುವುದು ಬೇಡ, ಬರುವವರನ್ನು ಅವರಿಗೆ ಹೋಲಿಸುವುದೂ ಬೇಡ ಎಂದೆ. ಅಷ್ಟು ವರ್ಷದ ಬಾಳನ್ನು ಮುಚ್ಚಿಟ್ಟು ಹೊಸಬರ ಜೊತೆ ಮಾತು ಶುರು ಮಾಡುವುದು ಹೇಗೆ, ಅಲ್ವಾ? ಕೊನೆಗೆ ಶಾರದಮ್ಮನೇ ಹೇಳುತ್ತಾ ಹೋದರು, ಮಗಳು ಬರೆದುಕೊಂಡಳು:

“ನನಗೆ 64 ವರ್ಷ, ಮಲೆನಾಡಿನವಳು. 36 ವರ್ಷ ಒಳ್ಳೆಯ ಸಂಸಾರ ಮಾಡಿದೆ. ಯಜಮಾನರು 5 ವರ್ಷದ ಹಿಂದೆ ತೀರಿಕೊಂಡರು. ಮಕ್ಕಳಿಗೆ ಈ ವಿಷಯ ಗೊತ್ತು, ಒಪ್ಪಿಗೆಯೂ ಇದೆ. ವರ್ಷವೂ ಅಪ್ಪೆಮಿಡಿ ಹಾಕುತ್ತೇನೆ. ಬೆಳಗಾಗುವ ತನಕ ಯಕ್ಷಗಾನ ನೋಡುತ್ತೇನೆ. ಸಂಜೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ನನ್ನ ಊರಿನಲ್ಲೇ ಇರುವ ಇಷ್ಟ. ಓದು, ಆಟ, ತಿರುಗಾಟದಲ್ಲಿ ಆಸಕ್ತಿ ಇರುವ, ಮಳೆಗಾಲದ ಸಂಜೆ ಕೂತು ಮಾತಾಡಬಲ್ಲ 60 ದಾಟಿದವರ ಸ್ನೇಹ ಬಯಸುತ್ತೇನೆ.”

ಮನೆ, ಪಿಂಚಣಿ, ಊರಿನ ಹೆಸರು, ಒಬ್ಬರೇ ಇರುವ ಸಂಗತಿ ಯಾವುದೂ ಇದರಲ್ಲಿ ಬರಲಿಲ್ಲ. ಅವನ್ನೆಲ್ಲ ಪರಿಚಯ ಗಟ್ಟಿಯಾದ ಮೇಲೆ ಹೇಳಬಹುದು. ಫೋನ್ ನಂಬರ್ ಮಗಳದ್ದು ಕೊಟ್ಟೆವು. ಮೊದಲ ಭೇಟಿ ಹಗಲು ಹೊತ್ತಿನಲ್ಲಿ, ಗಾಂಧಿ ಪಾರ್ಕಿನಂಥ ಜನ ಓಡಾಡುವ ಕಡೆ ಇರಲಿ ಎಂದೆ. ಎಷ್ಟೇ ಕಷ್ಟ ಹೇಳಿಕೊಂಡು ಯಾರಾದರೂ ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ ಎಂದೂ ಹೇಳಿದೆ.

ತಿಂಗಳೊಳಗೆ 7 ಜನ ಬರೆದರು. ಒಬ್ಬರು ಮೊದಲ ಮಾತಿಗೇ ಮನೆ ಯಾರ ಹೆಸರಲ್ಲಿದೆ ಅಂತ ಕೇಳಿದರು. ಇನ್ನೊಬ್ಬರಿಗೆ ಮೂರು ಹೊತ್ತು ಬಿಸಿ ಅಡುಗೆ ಆಗುತ್ತದಾ ಅನ್ನುವುದು ಮುಖ್ಯವಾಗಿತ್ತು. ಇಬ್ಬರಿಗೂ ಶಾರದಮ್ಮ ತಾವೇ ಎರಡು ಸಾಲಿನಲ್ಲಿ ಬೇಡವೆಂದು ಉತ್ತರ ಬರೆಸಿದರು. ಸಾಗರದ ಕಡೆಯ 68ರ ಒಬ್ಬರು ಒಂದೇ ಪ್ರಶ್ನೆ ಕಳಿಸಿದ್ದರು: “ಮಿಡಿಗೆ ತೊಟ್ಟು ಎಷ್ಟು ಉದ್ದ ಬಿಡ್ತೀರಿ?” ಅದಕ್ಕೆ ಉತ್ತರ ಬರೆಯಲು ಶಾರದಮ್ಮ ಮಗಳ ಕೈಯಿಂದ ಮೊಬೈಲ್ ತಾವೇ ತೆಗೆದುಕೊಂಡರು.