ನಟ್ ತಿರುಗಿಸುವ ಮುನ್ನ ವೀಲ್ ಮುಟ್ಟಿ ನೋಡಿ

ಪ್ರಶ್ನೆ: ಸರ್, ನನ್ನ ತ್ರೀಡಿ ಪ್ರಿಂಟರಿನ ಬೆಡ್ಡನ್ನು ಮೂಲೆಯಲ್ಲಿ ಹಿಡಿದು ಅಲುಗಿಸಿದರೆ ಟಕ್ ಟಕ್ ಅನ್ನುತ್ತೆ. ಎಕ್ಸೆಂಟ್ರಿಕ್ ನಟ್ ಚೆನ್ನಾಗಿ ಬಿಗಿ ಮಾಡಿದೆ, ಕೆಲವೇ ದಿನಕ್ಕೆ ಮತ್ತೆ ಲೂಸ್ ಆಯ್ತು. ಮತ್ತಷ್ಟು ಬಿಗಿ ಮಾಡಿದ ಮೇಲೆ ಈಗ ಪ್ರಿಂಟಿನ ಗೋಡೆಯಲ್ಲಿ ಸಣ್ಣ ಉಬ್ಬುಗಳು ಬರ್ತಿವೆ. ವಿ-ಸ್ಲಾಟ್ ವೀಲ್ ಎಲ್ಲಾ ಕಿತ್ತು ಲೀನಿಯರ್ ರೈಲ್ ಹಾಕಿಬಿಡಲಾ?

ಬೇಡ. ರೈಲಿನ ಮಾತು ಆಮೇಲೆ. ನಿಮ್ಮ ವೀಲ್‌ಗಳು ಹಾಳಾದದ್ದು ಸವೆದು ಅಲ್ಲ, ಬಿಗಿತ ತಾಳಲಾರದೆ. ಬೆಡ್ ಅಲುಗಾಡಿದಾಗೆಲ್ಲ ನಟ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿ ಎಂದು ಹೇಳಿಕೊಡುವವರಿಂದ ಹಾಳಾದ ಯಂತ್ರಗಳನ್ನು ನೋಡಿ ನೋಡಿ ನನಗೆ ಬೇಸರ ಬಂದಿದೆ.

ಎಕ್ಸೆಂಟ್ರಿಕ್ ನಟ್‌ಗೆ ನಟ್ ಎಂಬ ಹೆಸರಿದ್ದರೂ ಬಿಗಿ ಮಾಡುವುದು ಅದರ ಕೆಲಸವಲ್ಲ. ಅದರೊಳಗಿನ ತೂತು ನಟ್ಟಿನ ನಡುವೆ ಇಲ್ಲ, ಸುಮಾರು 0.8 ಮಿ.ಮೀ. ಪಕ್ಕಕ್ಕೆ ಸರಿದಿದೆ. ಹಾಗಾಗಿ ಅದನ್ನು ತಿರುಗಿಸಿದರೆ ವೀಲ್ ಅಲ್ಯುಮಿನಿಯಂ ಹಳಿಯ ಹತ್ತಿರ ಬರುತ್ತದೆ ಅಥವಾ ದೂರ ಹೋಗುತ್ತದೆ. ಅತಿ ದೂರದಿಂದ ಅತಿ ಹತ್ತಿರಕ್ಕೆ ಅರ್ಧ ಸುತ್ತು ಸಾಕು. ಆ ಬಿಂದು ದಾಟಿದ ಮೇಲೂ ತಿರುಗಿಸುತ್ತಾ ಹೋದರೆ ವೀಲ್ ಮತ್ತೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದವರು ನಟ್ಟಿನ ಥ್ರೆಡ್ ಸವೆದಿದೆ ಅಂದುಕೊಂಡು ಹೊಸ ನಟ್ ತರುತ್ತಾರೆ. ನೀವು ನೆನಪಿಡಬೇಕಾದ್ದು ಇಷ್ಟೇ: ಇಲ್ಲಿ ಎಡವೂ ಇಲ್ಲ ಬಲವೂ ಇಲ್ಲ, ಹತ್ತಿರ ಮತ್ತು ದೂರ ಮಾತ್ರ.

ಇನ್ನು ಬಿಗಿ ಮಾಡಿದ್ದು ಮತ್ತೆ ಯಾಕೆ ಸಡಿಲವಾಯಿತು ಎನ್ನುವುದು. ನಿಮ್ಮ ಕಪ್ಪು ವೀಲ್‌ಗಳು ಅಸಿಟಾಲ್ ಎಂಬ ಪ್ಲಾಸ್ಟಿಕ್ಕಿನವು, ಡೆಲ್ರಿನ್ ಅಂತಲೂ ಕರೆಯುತ್ತಾರೆ. ಜಾರುವ ಗುಣ ಚೆನ್ನಾಗಿದೆ, ಸವೆತವನ್ನೂ ತಾಳುತ್ತದೆ. ಆದರೆ ಒಂದೇ ಜಾಗದಲ್ಲಿ ಒತ್ತಡ ಬಿದ್ದು ಕೂತರೆ ನಿಧಾನಕ್ಕೆ ತಗ್ಗುತ್ತದೆ. ನೀವು ವೀಲನ್ನು ಹಳಿಗೆ ಬಲವಾಗಿ ಒತ್ತಿ ಯಂತ್ರವನ್ನು ನಿಲ್ಲಿಸಿದಿರಿ. ಅದು ತಗುಲಿಕೊಂಡಿದ್ದ ಜಾಗ ಚಪ್ಪಟೆಯಾಯಿತು, ಆ ತಗ್ಗಿನಷ್ಟು ಬಿಗಿ ಇಳಿಯಿತು. ಸಡಿಲ ಅಂತ ನೀವು ಮತ್ತೆ ಒತ್ತಿದಿರಿ. ಈಗ ಕಾಣುತ್ತಿರುವ ಉಬ್ಬು ಆ ಚಪ್ಪಟೆ ಜಾಗದ್ದೇ ಇರಬೇಕು.

ಇರಬೇಕು ಅಂದೆ, ಯಾಕೆಂದರೆ ಅಳೆದು ನೋಡದೆ ಒಪ್ಪಬಾರದು. ಬೆಡ್ ಹಿಂದೆ ಮುಂದೆ ಓಡುವ ದಿಕ್ಕಿನಲ್ಲಿ, ಬೆಡ್ಡಿನಲ್ಲಿ ಹಿಡಿಸುವಷ್ಟು ಉದ್ದದ ಒಂದು ತೆಳು ಗೋಡೆಯನ್ನು ಪ್ರಿಂಟ್ ಮಾಡಿ. ಉಬ್ಬಿನಿಂದ ಉಬ್ಬಿಗೆ ಸ್ಕೇಲ್ ಇಟ್ಟು ಅಳೆಯಿರಿ. ಸಾಮಾನ್ಯ ವೀಲಿನ ಹೊರ ವ್ಯಾಸ ಸುಮಾರು 24 ಮಿ.ಮೀ. ಇರುತ್ತದೆ. ಹಳಿಗೆ ತಾಗುವುದು ಅದರ ಇಳಿಜಾರು ಅಂಚು, ಅಲ್ಲಿ ವ್ಯಾಸ ಇನ್ನೂ ಕಡಿಮೆ. ಆದ್ದರಿಂದ ಒಂದು ಸುತ್ತಿಗೆ ಬೆಡ್ 60ರಿಂದ 75 ಮಿ.ಮೀ. ಒಳಗೆ ಸಾಗುತ್ತದೆ. ಉಬ್ಬುಗಳು ಆ ಅಂತರದಲ್ಲಿ ಬಂದರೆ ತಪ್ಪು ವೀಲಿನದ್ದು. ಅಂತರ 40 ಮಿ.ಮೀ. ಬಂದರೆ ವೀಲನ್ನು ಬಿಟ್ಟು ಮೋಟಾರಿನ ಪುಲ್ಲಿ ನೋಡಿ, ಏಕೆಂದರೆ 20 ಹಲ್ಲಿನ ಪುಲ್ಲಿ 2 ಮಿ.ಮೀ. ಅಂತರದ ಬೆಲ್ಟನ್ನು ಒಂದು ಸುತ್ತಿಗೆ ಅಷ್ಟೇ ಎಳೆಯುತ್ತದೆ. ಉಬ್ಬು ಪುನರಾವರ್ತನೆ ಆಗದೆ ಬೆಡ್ಡಿನ ಒಂದೇ ಜಾಗದಲ್ಲಿ ಬಂದರೆ ಹಳಿಯ ಮೇಲೆ ಗಾಯವೋ ಅಂಟಿದ ಪ್ಲಾಸ್ಟಿಕ್ ಚೂರೋ ಇದೆ, ಬೆರಳಾಡಿಸಿದರೆ ಸಿಗುತ್ತದೆ.

ಅಳತೆ ವೀಲಿನ ಕಡೆ ಬೊಟ್ಟು ಮಾಡಿದರೆ ನಾಲ್ಕೂ ವೀಲ್ ಬದಲಿಸಿ. ಒಂದನ್ನೇ ಬದಲಿಸಬೇಡಿ. ಹಳೆಯ ಮೂರು ಒಂದು ವ್ಯಾಸ, ಹೊಸದು ಇನ್ನೊಂದು ವ್ಯಾಸ ಆದರೆ ಹೊಂದಿಕೆ ಬರುವುದಿಲ್ಲ.

ಆಮೇಲೆ ಹೊಂದಿಸುವುದು. ಮೊದಲು ಪ್ರಿಂಟರಿಗೆ ಈ ಆದೇಶ ಕಳಿಸಿ ಮೋಟಾರಿನ ಹಿಡಿತ ಬಿಡಿಸಿ:

```
M84
```

ಪವರ್ ತೆಗೆದು, ಬೆಲ್ಟಿನ ಬಿಗಿಯನ್ನು ಇಳಿಸಿ. ಬೆಲ್ಟ್ ಎಳೆಯುತ್ತಿದ್ದರೆ ವೀಲಿನ ನಿಜವಾದ ಓಟ ಕೈಗೆ ತಿಳಿಯುವುದಿಲ್ಲ. ಬೆಡ್ಡಿನ ಕೆಳಗಿನ ತಟ್ಟೆಯಲ್ಲಿ ಒಂದು ಬದಿಯ ಎರಡು ವೀಲ್‌ಗಳು ಸ್ಥಿರ, ಇನ್ನೊಂದು ಬದಿಯ ಎರಡಕ್ಕೆ ಎಕ್ಸೆಂಟ್ರಿಕ್ ನಟ್. ತಟ್ಟೆ ಮತ್ತು ವೀಲ್ ನಡುವೆ ಇರುವ, ಸ್ಪ್ಯಾನರ್ ಹಿಡಿಯುವ ಆರು ಮೂಲೆಯ ಬುಷ್ ಅದು. ಈ ನಾಲ್ಕೂ ವೀಲಿನ ಅಚ್ಚಿನ ಬೋಲ್ಟ್ ಸಡಿಲವಾಗಿಲ್ಲ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಬೋಲ್ಟ್ ಲೂಸ್ ಇದ್ದು ನಟ್ ತಿರುಗಿಸಿದರೆ ಹೊಂದಿಕೆ ಒಂದು ದಿನವೂ ನಿಲ್ಲುವುದಿಲ್ಲ.

ಎರಡೂ ನಟ್ಟನ್ನು ದೂರದ ಕಡೆಗೆ ತಿರುಗಿಸಿ, ಅಲುಗಾಟ ಎದ್ದು ಕಾಣುವಷ್ಟು ಬೆಡ್ಡನ್ನು ಸಡಿಲ ಮಾಡಿ. ಹಾಳಾದ ಹೊಂದಿಕೆಯ ಮೇಲೆಯೇ ತಿದ್ದುತ್ತಾ ಹೋದರೆ ಯಾವ ವೀಲ್ ಏನು ಮಾಡುತ್ತಿದೆ ಎಂದೇ ತಿಳಿಯುವುದಿಲ್ಲ. ಬಳಿಕ ಮುಂದಿನ ನಟ್ಟನ್ನು ಒಂದೆಂಟನೇ ಸುತ್ತಿನಷ್ಟು ತಿರುಗಿಸಿ, ನಿಲ್ಲಿಸಿ, ಬೆಡ್ಡಿನ ಮುಂದಿನ ಅಂಚನ್ನು ಅಲುಗಿಸಿ ನೋಡಿ. ಟಕ್ ಎನ್ನುವುದು ನಿಂತ ಕೂಡಲೇ ಕೈ ತೆಗೆಯಿರಿ. ಹಾಗೆಯೇ ಹಿಂದಿನದು. ಎರಡಕ್ಕೂ ಒಂದೇ ದಿಕ್ಕಿಗೆ ತಿರುಗಿಸಿ, ಇಲ್ಲದಿದ್ದರೆ ಮುಂದೆ ತಿದ್ದುವಾಗ ನಿಮಗೇ ಗೊಂದಲ.

ಈಗ ನನ್ನ ಪ್ರಕಾರ ಅತಿ ಮುಖ್ಯವಾದ, ಆದರೆ ಯಾರೂ ಮಾಡದ ಪರೀಕ್ಷೆ. ಬೆಡ್ಡನ್ನು ಒಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳಿ. ಇನ್ನೊಂದು ಕೈಯ ಬೆರಳಿನಿಂದ ಒಂದೊಂದೇ ವೀಲನ್ನು ತಿರುಗಿಸಿ. ವೀಲ್ ಹಳಿಯ ಮೇಲೆ ಜಾರುತ್ತಾ ಸ್ವಲ್ಪ ವಿರೋಧದೊಂದಿಗೆ ತಿರುಗಬೇಕು. ಗಿರ್ರನೆ ಸುತ್ತಿದರೆ ಅದು ಹಳಿಯನ್ನು ಮುಟ್ಟಿಯೇ ಇಲ್ಲ. ಬೆರಳು ನೋಯುವಷ್ಟು ಒತ್ತಿದರೂ ತಿರುಗದಿದ್ದರೆ ಬಿಗಿ ಹೆಚ್ಚಾಗಿದೆ, ನಟ್ಟನ್ನು ಹಿಂದಕ್ಕೆ ತಿರುಗಿಸಿ. ಸ್ಥಿರ ವೀಲನ್ನೂ ಬಿಡದೆ ನಾಲ್ಕನ್ನೂ ಪರೀಕ್ಷಿಸಿ. ಎಕ್ಸೆಂಟ್ರಿಕ್ ಎರಡೂ ಸರಿಯಿದ್ದು ಒಂದು ಸ್ಥಿರ ವೀಲ್ ಮಾತ್ರ ಗಿರ್ರನೆ ಸುತ್ತಿದರೆ ತಟ್ಟೆ ಬಾಗಿದೆ ಅಥವಾ ಆ ವೀಲಿನ ಸ್ಪೇಸರ್ ಸರಿಯಾಗಿ ಕೂತಿಲ್ಲ. ಅದನ್ನು ನಟ್ ತಿರುಗಿಸಿ ಸರಿಪಡಿಸಲಾಗದು.

ಕೊನೆಗೆ ಬೆಡ್ಡನ್ನು ಕೈಯಿಂದ ಮೊದಲಿನಿಂದ ಕೊನೆಯವರೆಗೆ ತಳ್ಳಿ. ಎಲ್ಲೋ ಒಂದು ಕಡೆ ಬಿಗಿಯಾದರೆ ಹಳಿ ಅಲ್ಲಿ ಅಗಲವಿದೆ ಅಥವಾ ತಿರುಚಿದೆ. ಬಿಗಿಯಾದ ಆ ಜಾಗಕ್ಕೇ ನಟ್ ಹೊಂದಿಸಿ, ಉಳಿದ ಕಡೆ ಎಳೆಯಷ್ಟು ಸಡಿಲವಿದ್ದರೆ ಇರಲಿ. ಅಚ್ಚಿನ ಬೋಲ್ಟನ್ನು ಮುಟ್ಟಿದ್ದರೆ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಬೆರಳಿನ ಪರೀಕ್ಷೆ ಮಾಡಿ, ಬೋಲ್ಟ್ ಜೊತೆಗೆ ನಟ್ಟೂ ತಿರುಗಿರುತ್ತದೆ. ಅತಿ ಹತ್ತಿರದ ಬಿಂದುವಿಗೆ ತಂದರೂ ಅಲುಗಾಟ ನಿಲ್ಲದಿದ್ದರೆ ಆ ವೀಲ್ ಮುಗಿದಿದೆ. ನಟ್ ಹೊಂದಿಸಬಲ್ಲದು, ಹೋದ ಪ್ಲಾಸ್ಟಿಕ್ಕನ್ನು ತಂದುಕೊಡಲಾರದು.

ಇಷ್ಟು ಸೂಕ್ಷ್ಮ ಯಾಕೆ ಎಂದರೆ, ಬೆಡ್ಡಿನ ಅಂಚು ಹಳಿಯ ನಡುವಿನಿಂದ 110 ಮಿ.ಮೀ. ಆಚೆ ಇದೆ, ವೀಲ್ ತಾಗುವ ಜಾಗ 20 ಮಿ.ಮೀ. ದೂರದಲ್ಲಿದೆ. ವೀಲಿನ ಬಳಿ 0.05 ಮಿ.ಮೀ. ಅಲುಗಾಟ ಇದ್ದರೆ ಅಂಚಿಗೆ ಬರುವಷ್ಟರಲ್ಲಿ ಅದು ಐದೂವರೆ ಪಟ್ಟಾಗಬಹುದು. ಅಂದರೆ ಸುಮಾರು 0.27 ಮಿ.ಮೀ., ಹೆಚ್ಚುಕಡಿಮೆ ನಿಮ್ಮ ಮೊದಲ ಪದರದ ಪೂರ್ತಿ ದಪ್ಪ. ಬೆಡ್ ಲೆವೆಲ್ ನಿಲ್ಲುತ್ತಿಲ್ಲ ಎಂದು ದಿನಾ ತಿರುಪು ತಿರುಗಿಸುವವರು ಮೊದಲು ಇದನ್ನು ನೋಡಲಿ.

ಈಗ ರೈಲ್. ಎಂಜಿಎನ್12 ನಂಥ ಲೀನಿಯರ್ ರೈಲಿನ ಕ್ಯಾರೇಜಿನಲ್ಲಿ ಉಕ್ಕಿನ ಗುಂಡುಗಳು ಸುತ್ತುತ್ತಾ ಉರುಳುತ್ತವೆ. ಬಿಗಿಯ ಹೊಂದಿಕೆ ನಿಮ್ಮ ಕೈಯಲ್ಲಿಲ್ಲ, ಕಾರ್ಖಾನೆಯಲ್ಲೇ ಆಗಿರುತ್ತದೆ. ಚೆನ್ನಾಗಿ ಮಾಡಿದ್ದು ಬಂದರೆ ಅಲುಗಾಟದ ಚಿಂತೆಯಿಲ್ಲ. ಆದರೆ ಆ ಬಿಗಿ, ಅಂದರೆ ಪ್ರೀಲೋಡ್, ಇಲ್ಲದ ಕಳಪೆ ರೈಲೂ ಅಲುಗಾಡುತ್ತದೆ, ಆಗ ತಿರುಗಿಸಲು ನಟ್ಟೂ ಇರುವುದಿಲ್ಲ. ಇನ್ನೂ ಒಂದು ವಿಷಯ ಮಾರುವವರು ಹೇಳುವುದಿಲ್ಲ. ರೈಲ್ ಉಕ್ಕು, ಅದನ್ನು ಕೂರಿಸುವ ಕಂಬಿ ಅಲ್ಯುಮಿನಿಯಂ. ಬಿಸಿಯಾದಾಗ ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 300 ಮಿ.ಮೀ. ಉದ್ದದಲ್ಲಿ 30 ಡಿಗ್ರಿ ಬಿಸಿ ಏರಿದರೆ ಎರಡರ ವ್ಯತ್ಯಾಸ ಸುಮಾರು 0.1 ಮಿ.ಮೀ. ಒಂದರ ಮೇಲೊಂದು ತಿರುಪಿನಿಂದ ಕಟ್ಟಿದ್ದರಿಂದ ಕಂಬಿ ಬಿಲ್ಲಿನಂತೆ ಬಾಗುತ್ತದೆ. ತಣ್ಣಗಿದ್ದಾಗ ಸರಿಯಿದ್ದ ಬೆಡ್ ಲೆವೆಲ್ ಬಿಸಿಯಲ್ಲಿ ಕೆಡುತ್ತದೆ.

ಮುಚ್ಚಿದ ಕೋಣೆಯಲ್ಲಿ ಬಿಸಿಯಾಗಿ ಪ್ರಿಂಟ್ ಮಾಡುತ್ತೀರಿ, ಹೆಡ್ಡನ್ನು ಬಹಳ ವೇಗವಾಗಿ ಓಡಿಸುತ್ತೀರಿ ಎಂದರೆ ರೈಲ್ ಹಾಕಿ. ಬಿಸಿಯಲ್ಲಿ ಪ್ಲಾಸ್ಟಿಕ್ ವೀಲ್ ಬೇಗ ತಗ್ಗುತ್ತದೆ, ಉಕ್ಕು ತಗ್ಗುವುದಿಲ್ಲ, ಮತ್ತು ಆ ಲಾಭ ಬಾಗುವ ಕಷ್ಟಕ್ಕಿಂತ ದೊಡ್ಡದು. ನಿಮ್ಮದು ತೆರೆದ ಯಂತ್ರ, ದೂರು ಬೆಡ್ಡಿನ ಅಲುಗಾಟದ್ದು. ನಾಲ್ಕು ಹೊಸ ವೀಲ್ ಮತ್ತು ಬೆರಳಿನ ಪರೀಕ್ಷೆ ಸಾಕು.

ಪ್ರಶ್ನೆ: ಲೀನಿಯರ್ ರೈಲ್ ಹಾಕಿದರೆ ಮೂಲೆಗಳ ಪಕ್ಕ ಬರುವ ಅಲೆ ಅಲೆ ಗೆರೆ ಹೋಗುತ್ತಾ?

ಹೋಗುವುದಿಲ್ಲ. ಆ ಅಲೆ ಹುಟ್ಟುವುದು ಓಡುವ ಭಾಗದ ತೂಕ, ಬೆಲ್ಟಿನ ಎಳೆತ ಮತ್ತು ಚೌಕಟ್ಟಿನ ಗಟ್ಟಿತನದಿಂದ. ಉಕ್ಕಿನ ರೈಲ್ ಹಾಕಿ ತೂಕ ಹೆಚ್ಚಿಸಿದರೆ ಜಾಸ್ತಿಯೂ ಆಗಬಹುದು.

ಪ್ರಶ್ನೆ: ವೀಲ್‌ಗಳು ನಯವಾಗಿ ಓಡಲಿ ಅಂತ ಹಳಿಗೆ ಎಣ್ಣೆ ಹಾಕ್ತೀನಿ, ತಪ್ಪಾ ಸರ್?

ತಪ್ಪು. ಸವೆದ ಪುಡಿ ಎಣ್ಣೆಯಲ್ಲಿ ಕಲೆತು ಅರೆಯುವ ಲೇಪವಾಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಅಷ್ಟೇ.

ಪ್ರಶ್ನೆ: ವೀಲ್ ಪಕ್ಕ ಕಪ್ಪು ಪುಡಿ ಬೀಳ್ತಿದೆ. ಬದಲಿಸಬೇಕಾ?

ಹೊಸ ವೀಲ್ ಮೊದಲ ದಿನಗಳಲ್ಲಿ ಸ್ವಲ್ಪ ಪುಡಿ ಉದುರಿಸುತ್ತದೆ. ಒರೆಸಿದ ಮೇಲೂ ಬೀಳುತ್ತಲೇ ಇದ್ದರೆ ಬಿಗಿ ಹೆಚ್ಚಾಗಿದೆ ಅಥವಾ ವೀಲ್ ಓರೆಯಾಗಿ ಕೂತಿದೆ. ಅದನ್ನು ಸರಿಪಡಿಸದೆ ಹೊಸದು ಹಾಕಿದರೆ ಅದೂ ಪುಡಿಯಾಗುತ್ತದೆ.

ಪ್ರಶ್ನೆ: ಹೊಸ ಲೀನಿಯರ್ ರೈಲಿನ ಮೇಲೆ ಎಣ್ಣೆ ಇತ್ತು, ಹಾಗೇ ಹಾಕಿದೆ. ಈಗ ಗರಗರ ಅನ್ನುತ್ತೆ.

ಅದು ತುಕ್ಕು ಹಿಡಿಯದಿರಲು ಸವರಿದ ಎಣ್ಣೆ. ಕ್ಯಾರೇಜನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಗುಂಡುಗಳ ಸಾಲಿಗೆ ತೆಳು ಲಿಥಿಯಂ ಗ್ರೀಸ್ ತುಂಬಿ. ರೈಲಿನಿಂದ ಕ್ಯಾರೇಜನ್ನು ತೆಗೆಯುವಾಗ ಜೊತೆಗೆ ಬಂದ ಪ್ಲಾಸ್ಟಿಕ್ ತುಂಡಿನ ಮೇಲೆಯೇ ಜಾರಿಸಿ, ಇಲ್ಲದಿದ್ದರೆ ಗುಂಡುಗಳು ನೆಲದ ಮೇಲೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಗ್ರೀಸ್ ಅಂದುಕೊಂಡು ಹೊಡೆಯಬೇಡಿ, ಇರುವ ಗ್ರೀಸನ್ನೂ ಅದು ತೊಳೆದುಬಿಡುತ್ತದೆ.