ಎರಡೂ ಟ್ಯೂಬ್ ಬ್ಲಾಕ್ ಅಂತ ರಿಪೋರ್ಟ್ ಬಂದರೆ

“ಎಚ್‌ಎಸ್‌ಜಿಯಲ್ಲಿ ಎರಡೂ ಕಡೆ ಕಾರ್ನುಅಲ್ ಬ್ಲಾಕ್ ಅಂತ ಬಂದಿದೆ. ಇನ್ನು ಐವಿಎಫ್ ಒಂದೇ ದಾರಿನಾ?”

ಇಷ್ಟಕ್ಕೇ ಹಾಗಂದುಕೊಳ್ಳಬೇಡಿ. ಎಚ್‌ಎಸ್‌ಜಿ ಅಂದರೆ ಗರ್ಭಕೋಶಕ್ಕೆ ಡೈ ಬಿಟ್ಟು, ಅಂಡ ಸಾಗುವ ಟ್ಯೂಬುಗಳು ತೆರೆದಿವೆಯಾ ಅಂತ ನೋಡುವ ಎಕ್ಸ್‌ರೇ. ಕಾರ್ನುಅಲ್ ಅಂದರೆ ಟ್ಯೂಬು ಗರ್ಭಕೋಶಕ್ಕೆ ಸೇರುವ ಮೂಲೆ. ನೋವಿಗೆ ಅಲ್ಲಿನ ಸ್ನಾಯು ಬಿಗಿದುಕೊಂಡರೂ, ಲೋಳೆ ಕಟ್ಟಿಕೊಂಡಿದ್ದರೂ ಎಕ್ಸ್‌ರೇಯಲ್ಲಿ ಥೇಟ್ ಬ್ಲಾಕಿನ ಹಾಗೇ ಕಾಣುತ್ತೆ.

ನನಗೂ ಹೀಗೇ ಆಗಿತ್ತು. ಮುಟ್ಟಾದ 9ನೇ ದಿನ ಗರ್ಭಕೋಶದ ಬಾಯಿಯಿಂದ ಸಣ್ಣ ನಳಿಕೆ ತೂರಿಸಿ ಡೈ ಬಿಟ್ಟರು. ಫಿಲ್ಮಿನಲ್ಲಿ ಬಿಳಿ ತ್ರಿಕೋನ ತುಂಬಿಕೊಂಡಿತ್ತು. ಅದರ ಮೇಲಿನ ಎರಡು ಮೂಲೆಯಿಂದ ದಾರದಂಥ ಗೆರೆ ಹೊರಡಬೇಕಿತ್ತು, ಎರಡೂ ಇರಲಿಲ್ಲ. ಹೊಟ್ಟೆ ಹಿಂಡಿದ ನೋವಿಗೆ ನಾನಂತೂ ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಮೂರು ತಿಂಗಳಾದ ಮೇಲೆ ಲ್ಯಾಪರೋಸ್ಕೋಪಿ ಮಾಡಿದರು. ಅರಿವಳಿಕೆಯಲ್ಲಿ ಮೈ ಸಡಿಲವಾಗಿದ್ದಾಗ ನೀಲಿ ಬಣ್ಣ ಬಿಟ್ಟರೆ, ಬಲಗಡೆ ಟ್ಯೂಬಿನ ತುದಿಯಿಂದ ಸಲೀಸಾಗಿ ಸುರಿಯಿತಂತೆ. ಎಡಗಡೆಯದು ನಿಜವಾಗಿಯೂ ಮುಚ್ಚಿತ್ತು. ಆಗಲೇ ಗರ್ಭಕೋಶದೊಳಗೆ ಕ್ಯಾಮೆರಾ ಇಳಿಸಿ ನೋಡುವ ಹಿಸ್ಟರೋಸ್ಕೋಪಿಯಲ್ಲಿ ತೆಳು ತಂತಿ ತೂರಿಸಿ ಬಿಡಿಸಲು ನೋಡಿದರು, ಆಗಲಿಲ್ಲ. ಒಂದು ತೆರೆದಿದ್ದರೂ ಸಹಜವಾಗಿ ಗರ್ಭ ನಿಲ್ಲಬಹುದು ಅಂದರು.

ಹಾಗಾಗಿ ಇದು ಸ್ಪಾಸಂ, ಅಂದರೆ ಬರೀ ಸ್ನಾಯು ಬಿಗಿತ ಇರಬಹುದಾ, ಇನ್ನೊಮ್ಮೆ ನೋಡಬಹುದಾ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ನಿಮಗೆ 37–38 ದಾಟಿದ್ದರೆ, ಅಥವಾ ಯಜಮಾನರ ವೀರ್ಯದ ಕೌಂಟ್ ತೀರಾ ಕಮ್ಮಿ ಇದ್ದರೆ, ಟ್ಯೂಬಿನ ಹಿಂದೆ ಬಿದ್ದು ತಿಂಗಳು ಕಳೆಯೋದಕ್ಕಿಂತ ಐವಿಎಫ್ಫೇ ವಾಸಿ.

ಒಂದು ಮಾತ್ರ ನೋಡಿ. ರಿಪೋರ್ಟಿನಲ್ಲಿ ‘ಹೈಡ್ರೋಸಾಲ್ಪಿಂಕ್ಸ್’ ಅಂತಿದ್ದರೆ ಲೆಕ್ಕವೇ ಬೇರೆ. ಅದು ಆಚೆ ತುದಿ ಮುಚ್ಚಿ, ನೀರು ತುಂಬಿ ಊದಿದ ಟ್ಯೂಬು. ಆ ನೀರು ಗರ್ಭಕೋಶಕ್ಕೆ ಜಿನುಗಿದರೆ ಐವಿಎಫ್ ಭ್ರೂಣವೂ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಮೊದಲು ಆ ಟ್ಯೂಬನ್ನು ತೆಗೆಯುತ್ತಾರೆ, ಇಲ್ಲವೇ ಬುಡದಲ್ಲೇ ಕ್ಲಿಪ್ ಹಾಕುತ್ತಾರೆ.