ಮೌನದಲ್ಲಿ ನಾಲಿಗೆ ಏನು ಮಾಡುತ್ತದೆ: ಒಂದು ‘ಟ್ಟ’ದ ಪರೀಕ್ಷೆ

ಪ್ರಶ್ನೆ: ಒಳ್ಳೆಯ ರೆಕಾರ್ಡಿಂಗ್ ಇದ್ದರೆ ನಾಲಿಗೆ ಅಂಗುಳದ ಯಾವ ಜಾಗಕ್ಕೆ ತಾಗಿತು ಎಂದು ಕಿವಿಯಿಂದಲೇ ತಿಳಿಯುವುದಿಲ್ಲವೇ? ನಾಲಿಗೆ ತಾಗಿದ ಜಾಗವನ್ನು ಅಂಗುಳದ ಮೇಲೆ ಗುರುತಿಸಿಕೊಳ್ಳುವ ಪ್ಯಾಲಟೋಗ್ರಫಿ, ಅಲ್ಟ್ರಾಸೌಂಡ್ ಎಲ್ಲ ಯಾಕೆ ಬೇಕು?

ಉತ್ತರ: ‘ಅಟ್ಟ’ ಎಂಬ ಪದವನ್ನು ನಿಧಾನವಾಗಿ ಹೇಳಿ ನೋಡಿ. ‘ಟ್ಟ’ವನ್ನು ಹಿಡಿದಿರುವಷ್ಟು ಹೊತ್ತು ಬಾಯಿಯಿಂದ ಯಾವ ಸದ್ದೂ ಹೊರಡುವುದಿಲ್ಲ. ನಾಲಿಗೆ ಅಂಗುಳಕ್ಕೆ ಒತ್ತಿಕೊಂಡಿರುವುದು ಆ ಹೊತ್ತಿನಲ್ಲೇ. ಕಿವಿಗೆ ಸಿಗುವುದು ನಾಲಿಗೆ ಹತ್ತಿರ ಬರುವಾಗ ಹಿಂದಿನ ‘ಅ’ದಲ್ಲಾಗುವ ಬದಲಾವಣೆ ಮತ್ತು ಬಿಟ್ಟಾಗಿನ ಸಣ್ಣ ಸ್ಫೋಟ ಮಾತ್ರ. ಇವೆರಡರ ನಡುವಿನ ಮೌನದಲ್ಲಿ ನಾಲಿಗೆ ಒಂದೇ ಕಡೆ ನಿಂತಿತ್ತೋ, ಜಾರುತ್ತಿತ್ತೋ, ತುದಿಯಿಂದ ತಾಗಿತ್ತೋ, ತುದಿಯ ಅಡಿಭಾಗದಿಂದ ತಾಗಿತ್ತೋ ಎಂಬುದನ್ನು ನಾವು ಊಹಿಸುತ್ತೇವೆಯೇ ಹೊರತು ಕೇಳುವುದಿಲ್ಲ. ಧ್ವನಿವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ನಾನು ಇದೇ ‘ಟ್ಟ’ದ ವಿಷಯದಲ್ಲಿ ತಪ್ಪು ತೀರ್ಮಾನಕ್ಕೆ ಬಂದಿದ್ದೆ. ಆ ಒಂದು ಪ್ರಸಂಗವನ್ನೇ ವಿವರಿಸುತ್ತೇನೆ.

ಪ್ಯಾಲಟೋಗ್ರಫಿಯ ಅತ್ಯಂತ ಸರಳ ರೂಪಕ್ಕೆ ಬೇಕಾದದ್ದು ನುಣ್ಣನೆಯ ಇದ್ದಿಲ ಪುಡಿ, ಅಷ್ಟೇ ಪ್ರಮಾಣದ ಆಲಿವ್ ಎಣ್ಣೆ, ಮೃದುವಾದ ಕುಂಚ, ದಂತವೈದ್ಯರು ಬಾಯೊಳಗೆ ಇಡುವ ಕನ್ನಡಿ ಮತ್ತು ಕ್ಯಾಮರಾ. ಎಣ್ಣೆಯಲ್ಲಿ ಕಲಸಿದ ಇದ್ದಿಲನ್ನು ನಾಲಿಗೆಗೆ ಬಳಿಯಬೇಕು. ಮಾತನಾಡುವವರು ಪದವನ್ನು ಒಂದೇ ಒಂದು ಸಲ ಹೇಳಿ, ಉಗುಳು ನುಂಗದೆ, ಬಾಯಿ ಮುಚ್ಚದೆ ಹಾಗೆಯೇ ಇರಬೇಕು. ಆಗ ಕನ್ನಡಿಯನ್ನು ಒಳಗಿಟ್ಟು ಅಂಗುಳದ ಚಿತ್ರ ತೆಗೆದರೆ ನಾಲಿಗೆ ಎಲ್ಲೆಲ್ಲಿ ತಾಗಿತೋ ಅಲ್ಲೆಲ್ಲ ಕಪ್ಪು ಕಾಣುತ್ತದೆ. ಪದದ ಆಯ್ಕೆ ಇಲ್ಲಿ ಬಹಳ ಮುಖ್ಯ, ಏಕೆಂದರೆ ಅಂಗುಳವನ್ನು ಮುಟ್ಟುವ ವ್ಯಂಜನ ಅದರಲ್ಲಿ ಒಂದೇ ಇರಬೇಕು. ಸ್ವರವೂ ‘ಇ’ ಆಗಿರಬಾರದು. ‘ಇ’ ಹೇಳುವಾಗ ನಾಲಿಗೆಯ ಎರಡೂ ಅಂಚುಗಳು ಅಂಗುಳದ ಬದಿಗಳಿಗೆ ತಾಗಿ ತಮ್ಮದೇ ಗುರುತು ಬಿಡುತ್ತವೆ. ‘ಅಟ್ಟ’ ಮತ್ತು ‘ಅತ್ತ’ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಹ ಜೋಡಿ, ಮೇಲಾಗಿ ಎರಡೂ ಬಾಯಿ ತೆರೆದೇ ಮುಗಿಯುತ್ತವೆ.

ಒಬ್ಬ ಗೆಳತಿಯ ಉಚ್ಚಾರಣೆಯಲ್ಲಿ ‘ಅತ್ತ’ ನಿರೀಕ್ಷಿಸಿದಂತೆಯೇ ಬಂತು: ಮೇಲಿನ ಮುಂಹಲ್ಲುಗಳ ಹಿಂಬದಿ ಮತ್ತು ಅದಕ್ಕೆ ಅಂಟಿದ ತೆಳುವಾದ ಪಟ್ಟಿ ಕಪ್ಪಾಗಿತ್ತು. ‘ಅಟ್ಟ’ದಲ್ಲಿ ಹಲ್ಲುಗಳು ಸ್ವಚ್ಛವಾಗಿದ್ದವು. ಕಪ್ಪು ಪಟ್ಟಿ ಹಲ್ಲಿನ ಹಿಂದಿನ ಉಬ್ಬಿನಿಂದ ಶುರುವಾಗಿ, ಅಂಗುಳ ಮೇಲಕ್ಕೆ ಕಮಾನಾಗುವ ಜಾಗದವರೆಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಅಗಲವಾಗಿ ಹರಡಿತ್ತು. ಇಷ್ಟು ಅಗಲದ ಗುರುತು ಮೂಡಬೇಕಾದರೆ ನಾಲಿಗೆಯ ಚಪ್ಪಟೆ ಮುಂಭಾಗವೇ ಒತ್ತಿರಬೇಕು ಎಂದು ನಾನು ಟಿಪ್ಪಣಿ ಬರೆದುಕೊಂಡೆ. ನಂತರ ವಿಧಾನವನ್ನು ತಿರುಗಿಸಿದೆವು. ಬಾಯಿ ತೊಳೆದು, ಈ ಸಲ ಅಂಗುಳಕ್ಕೆ ಇದ್ದಿಲು ಬಳಿದು, ಪದ ಹೇಳಿಸಿ, ಚಾಚಿದ ನಾಲಿಗೆಯ ಚಿತ್ರ ತೆಗೆದೆ. ಇದಕ್ಕೆ ಲಿಂಗ್ವೋಗ್ರಫಿ ಎನ್ನುತ್ತಾರೆ. ನಾಲಿಗೆಯ ಮೇಲ್ಭಾಗದಲ್ಲಿ ಎರಡು ಬದಿಗಳನ್ನು ಬಿಟ್ಟರೆ ಮುಂದೆ ಎಲ್ಲೂ ಕಪ್ಪಿರಲಿಲ್ಲ. ಬಳಿದದ್ದು ಸಾಲದೆ ಹೋಗಿರಬೇಕೆಂದು ಮತ್ತೆ ಎರಡು ಸಲ ಮಾಡಿಸಿದರೂ ಫಲ ಅದೇ ಆಗಿತ್ತು. ಕೊನೆಗೆ ಪಕ್ಕದಲ್ಲಿದ್ದ ಸಹಪಾಠಿ, ‘ನಾಲಿಗೆ ಮೇಲಕ್ಕೆ ಮಡಚಲು ಹೇಳಿ ನೋಡು’ ಎಂದಳು. ಮಡಚಿದಾಗ ತುದಿಯ ಅಡಿಭಾಗದಲ್ಲಿ, ಉಗುರಿನ ಅಂಚಿನಷ್ಟು ಕಿರಿದಾದ, ಸ್ಪಷ್ಟವಾದ ಕಪ್ಪು ಗೆರೆ ಇತ್ತು. ಅಂದರೆ ತಾಗಿದ್ದು ನಾಲಿಗೆಯ ಕಿರಿದಾದ ಭಾಗ, ಆದರೆ ಅಂಗುಳದ ಮೇಲೆ ಉಳಿದದ್ದು ಅಗಲವಾದ ಗುರುತು.

ಈ ಎರಡು ಸಂಗತಿಗಳು ಹೊಂದಬೇಕಾದರೆ ನಾಲಿಗೆ ಜಾರಿರಬೇಕು: ಹಿಂದೆ ತಾಗಿ, ಒತ್ತಿಕೊಂಡೇ ಮುಂದಕ್ಕೆ ಸರಿದು, ಮುಂದೆ ಬಿಟ್ಟಿರಬೇಕು. ಇದ್ದಿಲಿನ ಚಿತ್ರಕ್ಕೆ ಕಾಲದ ಅರಿವಿಲ್ಲ. ಪದದ ಆರಂಭದಿಂದ ಕೊನೆಯವರೆಗೆ ಆದ ಎಲ್ಲ ಸ್ಪರ್ಶಗಳನ್ನೂ ಅದು ಒಂದರ ಮೇಲೊಂದು ಕೂಡಿಸಿ ತೋರಿಸುತ್ತದೆ, ಆದ್ದರಿಂದ ಅಗಲವಾಗಿ ಒತ್ತಿದ್ದಕ್ಕೂ ಜಾರಿದ್ದಕ್ಕೂ ಅಲ್ಲಿ ವ್ಯತ್ಯಾಸ ಕಾಣಿಸುವುದಿಲ್ಲ. ವಿದ್ಯುತ್ ಪ್ಯಾಲಟೋಗ್ರಫಿಯಲ್ಲಿ ಈ ಕೊರತೆ ಇಲ್ಲ. ಬಳಕೆಯಲ್ಲಿರುವ ಒಂದು ಪ್ರಸಿದ್ಧ ಮಾದರಿಯ ತೆಳು ಫಲಕದಲ್ಲಿ 62 ವಿದ್ಯುತ್ ಬಿಂದುಗಳಿದ್ದು, ಯಾವ ಬಿಂದುವಿಗೆ ನಾಲಿಗೆ ತಾಗಿದೆ ಎಂಬುದು ಸೆಕೆಂಡಿಗೆ 100 ಸಲ ದಾಖಲಾಗುತ್ತದೆ. ಆದರೆ ಫಲಕವನ್ನು ಪ್ರತಿಯೊಬ್ಬರ ಅಂಗುಳದ ಅಚ್ಚು ತೆಗೆದು ಅವರಿಗಾಗಿಯೇ ಮಾಡಿಸಬೇಕು, ಮತ್ತು ತಾಗಿದ್ದು ನಾಲಿಗೆಯ ಯಾವ ಭಾಗ ಎಂದು ಅದೂ ಹೇಳುವುದಿಲ್ಲ. ನಮ್ಮ ಬಳಿ ಅದಿರಲಿಲ್ಲ, ಅಲ್ಟ್ರಾಸೌಂಡ್ ಇತ್ತು.

ಅಲ್ಟ್ರಾಸೌಂಡ್‌ನಲ್ಲಿ ಪ್ರೋಬನ್ನು ಗದ್ದದ ಕೆಳಗೆ, ಮೂಗಿನ ನೇರಕ್ಕೆ ಹೊಂದುವಂತೆ ಇಡುತ್ತಾರೆ. ಕೆಳಗಿನಿಂದ ಹೊರಟ ಧ್ವನಿತರಂಗ ನಾಲಿಗೆಯ ಮಾಂಸವನ್ನು ದಾಟಿ ಮೇಲಿನ ಗಾಳಿಯನ್ನು ಮುಟ್ಟಿದೊಡನೆ ಬಹುತೇಕ ಪೂರ್ತಿಯಾಗಿ ಹಿಂತಿರುಗುತ್ತದೆ, ಅದಕ್ಕೇ ನಾಲಿಗೆಯ ಮೇಲ್ಮೈ ಪರದೆಯಲ್ಲಿ ಬೆಳ್ಳಗಿನ ಗೆರೆಯಾಗಿ ಹೊಳೆಯುತ್ತದೆ. ಗಾಳಿಯ ಆಚೆಗಿರುವ ಅಂಗುಳ ಕಾಣುವುದಿಲ್ಲ. ಅದನ್ನು ಕಾಣಲು ಒಂದು ಗುಟುಕು ನೀರು ನುಂಗಿಸುತ್ತಾರೆ. ನೀರಿನ ಮೂಲಕ ತರಂಗ ಅಂಗುಳವನ್ನು ಮುಟ್ಟುವ ಕ್ಷಣದಲ್ಲಿ ಅದರ ಆಕಾರವನ್ನು ಗುರುತಿಸಿಕೊಂಡು ಉಳಿದ ಚಿತ್ರಗಳ ಮೇಲೆ ಇಟ್ಟುಕೊಳ್ಳಬಹುದು. ಪ್ರೋಬ್ ಸ್ವಲ್ಪ ಸರಿದರೂ ಈ ಹೋಲಿಕೆ ಕೆಡುತ್ತದೆ, ಆದ್ದರಿಂದ ಅದನ್ನು ತಲೆಗೆ ಕಟ್ಟಿದ ಚೌಕಟ್ಟಿನಲ್ಲಿ ಬಿಗಿಯುವುದು ವಾಡಿಕೆ.

ಗೆಳತಿಯ ‘ಟ್ಟ’ದ ಮೌನ ಸುಮಾರು 160 ಮಿಲಿಸೆಕೆಂಡ್ ಇತ್ತು. ಸೆಕೆಂಡಿಗೆ 60 ಚಿತ್ರಗಳ ವೇಗದಲ್ಲಿ ಆ ಮೌನದಿಂದ ಒಂಬತ್ತು ಹತ್ತು ಚಿತ್ರಗಳು ನಮಗೆ ದೊರೆತವು. ಮೊದಲ ಚಿತ್ರಗಳಲ್ಲಿ ಬೆಳ್ಳಗಿನ ಗೆರೆಯ ಮುಂದಿನ ತುದಿ ತುಂಡರಿಸಿದಂತೆ ಮಾಯವಾಗಿತ್ತು, ಅದರ ಹಿಂದೆ ಒಂದು ತಗ್ಗು ಕಾಣುತ್ತಿತ್ತು. ನಾಲಿಗೆ ಮಡಚಿದಾಗ ತುದಿಯ ಕೆಳಗೆ ಗಾಳಿ ತುಂಬಿಕೊಳ್ಳುವುದರಿಂದ ತರಂಗ ತುದಿಯನ್ನು ತಲುಪುವುದೇ ಇಲ್ಲ. ಆದರೆ ಕೆಳದವಡೆಯ ಮೂಳೆಯ ನೆರಳೂ ತುದಿಯನ್ನು ಹೀಗೆಯೇ ಮರೆಮಾಡಬಲ್ಲದು, ಹಾಗಾಗಿ ತುದಿ ಕಾಣದಿರುವುದೊಂದನ್ನೇ ಸಾಕ್ಷಿಯೆಂದು ಹಿಡಿಯಬಾರದು. ಪ್ರೋಬ್ ಅಲುಗಿಸದೆ ಹೇಳಿಸಿದ ‘ಅತ್ತ’ದಲ್ಲಿ ಗೆರೆ ಇನ್ನೂ ಮುಂದಿನವರೆಗೆ ಕಾಣುತ್ತಿತ್ತು, ಆದ್ದರಿಂದ ‘ಅಟ್ಟ’ದಲ್ಲಿ ಅದು ಅಲ್ಲಿಯೇ ಕಡಿದದ್ದು ಮೂಳೆಯ ನೆರಳಿನಿಂದಲ್ಲ ಎಂದು ಖಚಿತವಾಯಿತು. ಮುಂದಿನ ಚಿತ್ರಗಳಲ್ಲಿ ಗೆರೆ ಕಡಿಯುವ ಜಾಗ ಒಂದೊಂದಾಗಿ ಮುಂದಕ್ಕೆ ಸರಿಯಿತು; ಸ್ಫೋಟದ ಹೊತ್ತಿಗೆ ಹಿಂದಿನ ತಗ್ಗು ಬಹುಮಟ್ಟಿಗೆ ತುಂಬಿಹೋಗಿತ್ತು. ತಾಗಿದ್ದನ್ನು ಅಲ್ಟ್ರಾಸೌಂಡ್ ನೇರವಾಗಿ ತೋರಿಸಲಿಲ್ಲ, ಜಾರಿದ್ದನ್ನು ತೋರಿಸಿತು. ತಾಗಿದ ಜಾಗಕ್ಕೆ ಇದ್ದಿಲೇ ಆಧಾರ.

ಆಮೇಲೆ ರೆಕಾರ್ಡಿಂಗಿಗೆ ಮರಳಿದೆ. ಬಾಯಿಯ ಆಕಾರಕ್ಕೆ ತಕ್ಕಂತೆ ಸ್ವರದಲ್ಲಿ ಬಲವಾಗಿ ಕೇಳುವ ಆವೃತ್ತಿಗಳಿಗೆ ಫಾರ್ಮೆಂಟ್ ಎನ್ನುತ್ತಾರೆ. ಮೌನಕ್ಕೆ ಮುಂಚಿನ ‘ಅ’ದಲ್ಲಿ ಮೂರನೆಯ ಫಾರ್ಮೆಂಟ್ ಸ್ಪಷ್ಟವಾಗಿ ಕೆಳಗಿಳಿದಿತ್ತು, ಮೌನದ ನಂತರದ ‘ಅ’ದಲ್ಲಿ ಅಂತಹ ಬಾಗು ಬಹಳ ಕಡಿಮೆ ಇತ್ತು. ಮೊದಲ ದಿನವೂ ಈ ಅಸಮತೆ ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ಹಿಂದೆ ತಾಗಿ ಮುಂದೆ ಬಿಡುವ ನಾಲಿಗೆಯ ಗುರುತು ಅದು ಎಂದು ಆಗ ಓದಿಕೊಳ್ಳಲು ನನಗೆ ಬಂದಿರಲಿಲ್ಲ.